ಎರಡು ವಾರದ ಪೋಸ್ಟ್ ಒಂದೇ ಸಲ ಕೂತು ಮುಗಿಸೋದು ಹೇಗೆ?

"ಮನೆಯಲ್ಲೇ ಚಟ್ನಿಪುಡಿ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರ್ತೀನಿ, ಎಲ್ಲಾ ಒಬ್ಬಳೇ. ದಿನಾ ಪೋಸ್ಟ್ ಹಾಕೋಕೆ ಆಗ್ತಿಲ್ಲ. ಎರಡು ವಾರದ್ದು ಒಂದೇ ಸಲ ಕೂತು ಮುಗಿಸೋರು ಹೇಗೆ ಮಾಡ್ತೀರಿ?"

ನಂದೂ ಅದೇ ವ್ಯಾಪಾರ, ಧಾರವಾಡದಲ್ಲಿ. ಸೋಮವಾರ ನಾನು ಕೂರುವ ದಿನ. ಒಂದು ಸೋಮವಾರ ನಾಲ್ಕು ತಾಸು ಕೂತು ಎಂಟು ಪೋಸ್ಟ್ ಮುಗಿಸುತ್ತೇನೆ. ಮುಂದಿನ ಸೋಮವಾರ ಅರ್ಧ ತಾಸು ಸಾಕು, ಉಳಿದ ನಾಲ್ಕನ್ನು ಓದಿ ತಿದ್ದುವುದಷ್ಟೇ. ಹದಿನಾಲ್ಕು ದಿನಕ್ಕೆ ಹದಿನಾಲ್ಕು ಮಾಡಲು ಹೋಗಿ ಎರಡು ಸಲ ಕೈಬಿಟ್ಟಿದ್ದೇನೆ.

ಬೆಳಿಗ್ಗೆ 9ಕ್ಕೆ ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿ, ಎದುರಿಗೆ ಥರ್ಮೋಕೋಲ್ ಹಾಳೆ ನಿಲ್ಲಿಸುತ್ತೇನೆ. ನೆರಳು ತಿಳಿಯಾಗುತ್ತದೆ. ಟ್ಯೂಬ್‌ಲೈಟ್ ಆರಿಸಲೇಬೇಕು, ಎರಡು ಬೆಳಕು ಬೆರೆತರೆ ಶೇಂಗಾ ಪುಡಿಯ ಬಣ್ಣ ಕೆಡುತ್ತದೆ. ಮೊದಲು ರೊಟ್ಟಿ, ಮೊಸರು ಇರುವ ಚಿತ್ರಗಳನ್ನೆಲ್ಲ ತೆಗೆದುಬಿಡಿ. ಬಿಸಿ ರೊಟ್ಟಿ ಹತ್ತು ನಿಮಿಷದಲ್ಲಿ ಬಿರುಸಾಗಿ ಅಂಚು ಏಳುತ್ತದೆ, ಪುಡಿ ಎಲ್ಲಿಗೂ ಹೋಗುವುದಿಲ್ಲ. ಪೋಸ್ಟ್‌ನ ಲೆಕ್ಕದಲ್ಲಿ ತೆಗೆಯಬೇಡಿ, ತಟ್ಟೆಯ ಲೆಕ್ಕದಲ್ಲಿ ತೆಗೆಯಿರಿ. ಒಂದು ತಟ್ಟೆ ಇಟ್ಟರೆ ಹತ್ತಿರದ್ದು, ಚಮಚದಲ್ಲಿ ಎತ್ತುವುದು, ಎಣ್ಣೆ ಸುರಿಯುವ ವಿಡಿಯೊ, ಪ್ಯಾಕೆಟ್ ಎಲ್ಲ ಅಲ್ಲೇ ಮುಗಿಯಲಿ. ನಡುವೆ ಲೆನ್ಸ್ ಒರೆಸುತ್ತಿರಿ, ಎಣ್ಣೆ ಬೆರಳು ತಾಗಿದರೆ ಎಲ್ಲಾ ಮಂಜು ಮಂಜು.

ನನ್ನನ್ನು ಕಾಡಿದ್ದು ಗುರೆಳ್ಳು. ಕಪ್ಪು ಪುಡಿ ಫೋಟೊ ತುಂಬಿದರೆ ಫೋನು ಕತ್ತಲೆಯೆಂದು ತಿಳಿದು ಬೆಳಕು ಏರಿಸುತ್ತದೆ, ಪುಡಿ ಒಲೆಯ ಬೂದಿಯಂತೆ ಕಾಣುತ್ತದೆ. ಫೋನಿನ ಪರದೆಯಲ್ಲಿ ಪುಡಿ ಕಾಣುವ ಕಡೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕಾಳಿನ ಹೊಳಪು ಕಂಡಾಗ ನಿಲ್ಲಿಸಿ.

ಬರೆಯುವುದಕ್ಕೆ ನಾನು ತಲೆ ಕೆರೆದುಕೊಳ್ಳುವುದಿಲ್ಲ. ವಾಟ್ಸ್ಯಾಪ್‌ನಲ್ಲಿ ಗಿರಾಕಿಗಳು ಕೇಳಿದ್ದೇ ಮೊದಲ ಸಾಲು: "ಬೆಳ್ಳುಳ್ಳಿ ಹಾಕ್ತೀರೇನ್ರಿ?", "ಫ್ರಿಜ್‌ನ್ಯಾಗ ಇಡಬೇಕೇನು?" ಉಳಿದದ್ದು ಉತ್ತರ. ಉದ್ದ ಬರೆದರೆ ಶುರುವಿನ ಸಾಲಷ್ಟೇ ಕಾಣುತ್ತದೆ, ಹಾಗಾಗಿ "ಎಲ್ಲರಿಗೂ ನಮಸ್ಕಾರ" ಎಂದು ಅದನ್ನು ಹಾಳುಮಾಡಬೇಡಿ.

ಆಮೇಲೆ ಎಂಟನ್ನೂ Meta Business Suiteನ Plannerನಲ್ಲಿ ದಿನ, ಹೊತ್ತು ಕೊಟ್ಟು ಇಡುತ್ತೇನೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಶನಿವಾರ ಸಂಜೆಗೆ ಏನೂ ಇಡುವುದಿಲ್ಲ. ಭಾನುವಾರ ನಮ್ಮ ಕೊರಿಯರ್‌ನವರು ಪಾರ್ಸೆಲ್ ತಗೊಳ್ಳುವುದಿಲ್ಲ, ಆರ್ಡರ್ ಬಂದರೂ ಕಳಿಸಲಾಗದು.

ಒಮ್ಮೆ "ಇಂದು ತಾಜಾ ಅಗಸಿ ಪುಡಿ ರೆಡಿ" ಎಂದು ಹತ್ತು ದಿನ ಮೊದಲೇ ಇಟ್ಟಿದ್ದೆ. ಆ ದಿನ ಮಿಕ್ಸರ್ ಕೆಟ್ಟು ರಿಪೇರಿ ಅಂಗಡಿಯಲ್ಲಿತ್ತು. ಏಳು ಜನ ದುಡ್ಡು ಹಾಕಿಬಿಟ್ಟಿದ್ದರು, ಒಬ್ಬೊಬ್ಬರಿಗೂ ಫೋನ್ ಮಾಡಿ ವಾಪಸ್ ಕಳಿಸಿದೆ. ಈಗ "ಇಂದು", ದರ, ಎಷ್ಟು ಉಳಿದಿದೆ ಎಂಬುದನ್ನು ಮೊದಲೇ ಇಡುವ ಪೋಸ್ಟ್‌ನಲ್ಲಿ ಬರೆಯುವುದೇ ಇಲ್ಲ. ಪುಡಿ ಡಬ್ಬಿಗೆ ಬಿದ್ದ ಮೇಲೆ ಅವತ್ತೇ ಸ್ಟೋರಿ ಹಾಕುತ್ತೇನೆ.