5 ಕಂಪ್ಯೂಟರಿಗೆ 1 ಕೆವಿಎ ಯುಪಿಎಸ್ ಸಾಕಾ, 3 ಕೆವಿಎ ಬೇಕಾ?

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದೊಂದು ಸಣ್ಣ ಟ್ಯಾಕ್ಸ್ ಆಫೀಸು. 5 ಡೆಸ್ಕ್‌ಟಾಪ್, ರೂಟರ್, ಸಿಸಿಟಿವಿ, ಒಂದು ಲೇಸರ್ ಪ್ರಿಂಟರ್ ಇದೆ. ಕರೆಂಟ್ ಹೋದರೆ ಅರ್ಧ ಗಂಟೆ ಕೆಲಸ ನಿಲ್ಲಬಾರದು. ಒಂದು ಅಂಗಡಿಯವರು 1 ಕೆವಿಎ ಧಾರಾಳ ಸಾಕು ಅಂತಾರೆ, ಇನ್ನೊಬ್ಬರು 3 ಕೆವಿಎ ಇಲ್ಲದೆ ಆಗಲ್ಲ ಅಂತಾರೆ. ಯಾರನ್ನು ನಂಬುವುದು?

ಇಬ್ಬರೂ ನಿಮ್ಮ ಆಫೀಸಿಗೆ ಬಂದು ಲೋಡ್ ಅಳೆದಿರಲಿಕ್ಕಿಲ್ಲ. ನಾನು ಕುಂಬಳೆ ಕಡೆಯವನು, ಯುಪಿಎಸ್ ಕೂರಿಸುವುದು, ರಿಪೇರಿ ಮಾಡುವುದೇ ನನ್ನ ಕೆಲಸ. ನೀವು ಹೇಳಿದ ಲೋಡಿಗೆ ನನ್ನ ಅಂದಾಜು 2 ಕೆವಿಎ. ಆದರೆ ಅರ್ಧ ಗಂಟೆ ನಡೆಯುತ್ತದೋ ಇಲ್ಲವೋ ಎನ್ನುವುದು ಆ 2 ಕೆವಿಎಯಿಂದ ನಿರ್ಧಾರ ಆಗುವುದಿಲ್ಲ. ವಿಎ ಎಂದರೆ ಯುಪಿಎಸ್ ಒಂದು ಹೊತ್ತಿಗೆ ಎಷ್ಟು ಭಾರ ಹೊರಬಲ್ಲದು ಎಂಬ ಲೆಕ್ಕ, ಸಾವಿರ ವಿಎ ಸೇರಿದರೆ 1 ಕೆವಿಎ. ಎಷ್ಟು ನಿಮಿಷ ಹೊರುತ್ತದೆ ಎನ್ನುವುದು ಬ್ಯಾಟರಿಯ ಲೆಕ್ಕ. ಇವೆರಡನ್ನೂ ಬೇರೆ ಬೇರೆಯಾಗಿ ಮಾಡಬೇಕು. 3 ಕೆವಿಎ ತಂದು ಒಳಗೆ ಸಣ್ಣ ಬ್ಯಾಟರಿ ಇದ್ದರೆ 15 ನಿಮಿಷಕ್ಕೇ ಕೂಗಲು ಶುರುಮಾಡಬಹುದು.

ಮೊದಲು ಭಾರ ನೋಡೋಣ. ಕಂಪ್ಯೂಟರಿನೊಳಗೆ ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿರುತ್ತದೆ. ಅದು ಅದರ ಗರಿಷ್ಠ ಶಕ್ತಿ, ನಿಮ್ಮ ಕಂಪ್ಯೂಟರ್ ಎಳೆಯುವುದು ಅಷ್ಟಲ್ಲ. 3 ಕೆವಿಎ ಬೇಕು ಎಂದವರು ಬಹುಶಃ 450ನ್ನು ಐದರಿಂದ ಗುಣಿಸಿದ್ದಾರೆ. ಟ್ಯಾಲಿ, ಎಕ್ಸೆಲ್, ಬ್ರೌಸರ್ ಓಡಿಸುವ ಸಾಧಾರಣ ಡೆಸ್ಕ್‌ಟಾಪ್ ಮಾನಿಟರ್ ಸಮೇತ 70ರಿಂದ 120 ವ್ಯಾಟ್ ಎಳೆಯುತ್ತದೆ. ಪ್ಲಗ್ಗಿಗೆ ಚುಚ್ಚುವ ಪವರ್ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಅದರಲ್ಲಿ ವ್ಯಾಟ್, ಆಂಪ್ಸ್, ಪವರ್ ಫ್ಯಾಕ್ಟರ್ ಮೂರೂ ಕಾಣುತ್ತವೆ. ನಾನು ಅಳೆದ ಒಂದು ಹಳೆಯ ಅಸೆಂಬಲ್ಡ್ ಪಿಸಿ ಹೀಗಿತ್ತು: 232 ವೋಲ್ಟ್, 0.62 ಆಂಪ್ಸ್, 90 ವ್ಯಾಟ್. ವೋಲ್ಟ್ ಮತ್ತು ಆಂಪ್ಸ್ ಗುಣಿಸಿದರೆ 144 ವಿಎ ಬಂತು. 90ನ್ನು ಈ 144ರಿಂದ ಭಾಗಿಸಿದರೆ ಬರುವುದೇ ಪವರ್ ಫ್ಯಾಕ್ಟರ್, ಇಲ್ಲಿ 0.63 ಅಷ್ಟೇ.

144ಕ್ಕೂ 90ಕ್ಕೂ ಯಾಕಿಷ್ಟು ವ್ಯತ್ಯಾಸ ಅಂತ ಕೇಳಬಹುದು. ಅಗ್ಗದ ಎಸ್‌ಎಂಪಿಎಸ್ ಕರೆಂಟನ್ನು ಸಮನಾಗಿ ಎಳೆಯುವುದಿಲ್ಲ. ವೋಲ್ಟೇಜ್ ಅಲೆಯ ತುದಿಗೆ ಬಂದಾಗ ಮಾತ್ರ ಗಬಕ್ಕನೆ ಎಳೆದು ಕೆಪಾಸಿಟರ್ ತುಂಬಿಸಿಕೊಳ್ಳುತ್ತದೆ. ಕೆಲಸಕ್ಕೆ ಬರುವುದು 90 ವ್ಯಾಟೇ ಆದರೂ ತಂತಿ ಮತ್ತು ಯುಪಿಎಸ್ 144 ವಿಎಯಷ್ಟು ಕರೆಂಟಿನ ಭಾರ ತಡೆದುಕೊಳ್ಳಬೇಕು. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ, ದುಡ್ಡು ಸಿಗುವುದು ಸುಲಿದ ಅಡಿಕೆಗೆ, ಲಾರಿ ಹೊರುವುದು ಸಿಪ್ಪೆ ಸಮೇತ.

ಸೂತ್ರ ಇಷ್ಟೇ:

VA = W ÷ PF

ಈಗ ನಿಮ್ಮ ಲೋಡ್. ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ 100 ವ್ಯಾಟ್ ಎಂದು ಹಿಡಿದರೆ ಐದಕ್ಕೆ 500. ರೂಟರಿಗೆ 20, ಸಿಸಿಟಿವಿ ರೆಕಾರ್ಡರ್ ಮತ್ತು ಕ್ಯಾಮೆರಾಗಳಿಗೆ 40. ಒಟ್ಟು 560 ವ್ಯಾಟ್. ಹಳೆಯ ಎಸ್‌ಎಂಪಿಎಸ್ ಎಂದು ಪವರ್ ಫ್ಯಾಕ್ಟರ್ 0.65 ಇಟ್ಟರೆ ಸುಮಾರು 862 ವಿಎ. ಮುಂದೆ ಇನ್ನೊಂದು ಕಂಪ್ಯೂಟರ್ ಬರಬಹುದು, ಎಲ್ಲವೂ ಒಟ್ಟಿಗೆ ಆನ್ ಆಗುವಾಗ ಒಂದು ಹೊಡೆತವೂ ಇರುತ್ತದೆ. ಅದಕ್ಕೆ 25 ಪರ್ಸೆಂಟ್ ಜಾಸ್ತಿ ಇಡಿ. ಆಗ 700 ವ್ಯಾಟ್, 1077 ವಿಎ.

ಲೇಸರ್ ಪ್ರಿಂಟರನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಅದರೊಳಗಿನ ಹೀಟರ್ ಬಿಸಿಯಾಗುವಾಗ 800 ವ್ಯಾಟಿಗೂ ಮೇಲೆ ಹೋಗಬಹುದು. ಅದು ಗೋಡೆಯ ಪ್ಲಗ್ಗಿನಲ್ಲೇ ಇರಲಿ. ಕರೆಂಟ್ ಇಲ್ಲದಾಗಲೂ ಪ್ರಿಂಟ್ ಬೇಕೇ ಬೇಕು ಎಂದರೆ ಇಂಕ್ ಟ್ಯಾಂಕ್ ಪ್ರಿಂಟರ್ ಇಟ್ಟುಕೊಳ್ಳಿ, ಅದಕ್ಕೆ ಹೋಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ.

ಇನ್ನು ಯುಪಿಎಸ್‌ನ ಹಿಂದಿನ ಲೇಬಲ್ ನೋಡಿ. ಅಲ್ಲಿ ಎರಡು ಅಂಕಿ ಇರುತ್ತವೆ, ವಿಎ ಒಂದು, ವ್ಯಾಟ್ ಇನ್ನೊಂದು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಮೊದಲನೆಯದು ಮಾತ್ರ. ಎರಡನ್ನೂ ಮೀರಬಾರದು. 1 ಕೆವಿಎ ಯುಪಿಎಸ್ ಕೆಲವು 600 ವ್ಯಾಟಿನದ್ದು, ಕೆಲವು 800 ವ್ಯಾಟಿನದ್ದು. ನಿಮ್ಮ 700 ವ್ಯಾಟಿಗೆ 600ರದ್ದು ಆಗಲೇ ಸೋತಿತು. 800ರದ್ದು ವ್ಯಾಟಿನಲ್ಲಿ ಪಾಸ್, ಆದರೆ 1077 ವಿಎಗೆ ಸೋಲುತ್ತದೆ. ಹಾಗಾಗಿ ಮೇಲಿನ ಸೈಜು, 1.5 ಅಥವಾ 2 ಕೆವಿಎ. ಪೇಟೆಯಲ್ಲಿ 2 ಸುಲಭವಾಗಿ ಸಿಗುತ್ತದೆ.

ಇಲ್ಲಿ ಒಂದು ತಿರುವು ಇದೆ. ನಿಮ್ಮ ಕಂಪ್ಯೂಟರುಗಳು ಹೊಸವು, ಕರೆಂಟನ್ನು ಸಮನಾಗಿ ಎಳೆಯುವ ಹಾಗೆ ಮಾಡುವ ಆಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಎಸ್‌ಎಂಪಿಎಸ್ ಇದೆ ಎಂದುಕೊಳ್ಳಿ. ಆಗ ಪವರ್ ಫ್ಯಾಕ್ಟರ್ 0.95 ದಾಟುತ್ತದೆ. ಅದೇ 700 ವ್ಯಾಟಿಗೆ 737 ವಿಎ ಅಷ್ಟೇ ಬೇಕು, 1 ಕೆವಿಎಯಲ್ಲೇ 800 ವ್ಯಾಟಿನದ್ದು ನಡೆಯುತ್ತದೆ. ಆದರೆ 737 ಅಲ್ವಾ, ಸಾವಿರದೊಳಗೆ ಇದೆ ಎಂದು 600 ವ್ಯಾಟಿನ 1 ಕೆವಿಎ ತಂದರೆ ಓವರ್‌ಲೋಡ್ ಆಗುವ ಭಯ ಇದ್ದೇ ಇದೆ. ಹಳೆಯ ಮೆಷಿನ್‌ಗಳಲ್ಲಿ ವಿಎ ಕೈಕೊಡುತ್ತದೆ, ಹೊಸದರಲ್ಲಿ ವ್ಯಾಟ್. ಇನ್ನೊಂದು ವಿಷಯ, ಅಗ್ಗದ ಯುಪಿಎಸ್ ಬ್ಯಾಟರಿಗೆ ಹೋದಾಗ ಗೋಡೆಯ ಪ್ಲಗ್ಗಿನ ಕರೆಂಟಿನ ಹಾಗೆ ನಯವಾಗಿ ಏರಿಳಿಯುವ ಶುದ್ಧ ಸೈನ್ ವೇವ್ ಕೊಡುವುದಿಲ್ಲ. ಕೆಲವು ಪಿಎಫ್‌ಸಿ ಎಸ್‌ಎಂಪಿಎಸ್‌ಗಳು ಅದನ್ನು ಒಪ್ಪದೆ ರೀಸ್ಟಾರ್ಟ್ ಆಗುತ್ತವೆ. ಹೊಸ ಕಂಪ್ಯೂಟರ್ ಇದ್ದರೆ ಸೈನ್ ವೇವ್ ಎಂದು ಕೇಳಿಯೇ ತೆಗೆದುಕೊಳ್ಳಿ.

ಈಗ ನಿಮಿಷಗಳ ಲೆಕ್ಕ. ಜನ ಮೋಸ ಹೋಗುವುದು ಜಾಸ್ತಿ ಇಲ್ಲೇ. 2 ಕೆವಿಎ ಯುಪಿಎಸ್‌ನಲ್ಲಿ ಮಾಡೆಲ್ ನೋಡಿಕೊಂಡು 48 ವೋಲ್ಟಿಗೆ ನಾಲ್ಕು ಅಥವಾ 72 ವೋಲ್ಟಿಗೆ ಆರು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. ಆರು ಎಂದೇ ಇಟ್ಟುಕೊಳ್ಳೋಣ. ಒಳಗೆ 12 ವೋಲ್ಟ್ 7 ಎಎಚ್‌ನ, ಅಂದರೆ 7 ಆಂಪಿಯರ್ ಅವರ್ ಸಾಮರ್ಥ್ಯದ ಸೀಲ್ಡ್ ಬ್ಯಾಟರಿ. 72ನ್ನು 7ರಿಂದ ಗುಣಿಸಿದರೆ 504 ವ್ಯಾಟ್ ಅವರ್. ಅದನ್ನು ನಿಮ್ಮ 560 ವ್ಯಾಟಿನಿಂದ ಭಾಗಿಸಿ, 54 ನಿಮಿಷ ಬರುತ್ತದೆ ಸಾರ್, ಅಂತ ಅಂಗಡಿಯಲ್ಲಿ ಹೇಳಿಬಿಡುತ್ತಾರೆ. ಖಂಡಿತ ಬರುವುದಿಲ್ಲ ಮಾರಾಯ್ರೆ.

ಯಾಕೆಂದರೆ ಮೊದಲನೆಯದಾಗಿ, ಬ್ಯಾಟರಿಯ ಡಿಸಿಯನ್ನು ಎಸಿ ಮಾಡುವಾಗ ಸ್ವಲ್ಪ ನಷ್ಟ ಆಗುತ್ತದೆ. 85 ಪರ್ಸೆಂಟ್ ದಕ್ಷತೆ ಎಂದರೆ 560 ವ್ಯಾಟ್ ಕೊಡಲು ಬ್ಯಾಟರಿಯಿಂದ ಸುಮಾರು 659 ವ್ಯಾಟ್ ಎಳೆಯಬೇಕು. ಎರಡನೆಯದು ಇನ್ನೂ ದೊಡ್ಡದು. 7 ಎಎಚ್ ಎನ್ನುವುದು ಬ್ಯಾಟರಿಯನ್ನು 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗಿನ ಅಂಕಿ, ಅಂದರೆ 0.35 ಆಂಪ್ಸ್. ನಿಮ್ಮ ಲೋಡಿಗೆ, 659ನ್ನು 72ರಿಂದ ಭಾಗಿಸಿದರೆ, ಅದು ಸುಮಾರು 9 ಆಂಪ್ಸ್ ಕೊಡಬೇಕು. ಅಷ್ಟು ಜೋರಾಗಿ ಎಳೆದರೆ ಸುಮಾರು 60 ಪರ್ಸೆಂಟ್ ಮಾತ್ರ ಕೈಗೆ ಸಿಗುತ್ತದೆ. 504ರಲ್ಲಿ ಉಳಿಯುವುದು 300 ವ್ಯಾಟ್ ಅವರ್. ಹೊಸ ಬ್ಯಾಟರಿಯಲ್ಲೇ 25ರಿಂದ 27 ನಿಮಿಷ. ಸ್ವಲ್ಪ ಹಳತಾದ ಮೇಲೆ 20ರ ಆಸುಪಾಸು.

ಆದ್ದರಿಂದ ಬೇಕಾದ ನಿಮಿಷದಿಂದ ಶುರುಮಾಡಿ ಹಿಂದಕ್ಕೆ ಬನ್ನಿ. 560 ವ್ಯಾಟ್ ಅರ್ಧ ಗಂಟೆಗೆ 280 ವ್ಯಾಟ್ ಅವರ್. ಡಿಸಿಯನ್ನು ಎಸಿ ಮಾಡುವ ನಷ್ಟಕ್ಕೆ 0.85ರಿಂದ ಭಾಗಿಸಿ, ಜೋರಾಗಿ ಎಳೆಯುವುದಕ್ಕೆ 0.6ರಿಂದ ಭಾಗಿಸಿ, ಬ್ಯಾಟರಿ ಹಳತಾಗುವುದಕ್ಕೆ 0.8ರಿಂದ ಭಾಗಿಸಿ. 686 ವ್ಯಾಟ್ ಅವರ್ ಬರುತ್ತದೆ, ಅದನ್ನು ವೋಲ್ಟಿನಿಂದ ಭಾಗಿಸಿ. 72 ವೋಲ್ಟಿನ ಯುಪಿಎಸ್ ಆದರೆ ಸುಮಾರು 9.5 ಎಎಚ್ ಬೇಕು, 12 ಎಎಚ್‌ನ ಆರು ಬ್ಯಾಟರಿ ಹಾಕಿಸಿ. 48 ವೋಲ್ಟಿನದ್ದಾದರೆ 14.3, ಅದಕ್ಕೆ 18 ಎಎಚ್‌ನ ನಾಲ್ಕು. ಇಲ್ಲಿ 25 ಪರ್ಸೆಂಟ್ ಜಾಸ್ತಿ ಇಟ್ಟ 700 ಬಳಸಿಲ್ಲ ನೋಡಿ, ನಿಜವಾಗಿ ಓಡುವ ಲೋಡೇ ಬಳಸಿದ್ದು. ಆರನೇ ಕಂಪ್ಯೂಟರ್ ಬರುವುದು ಖಚಿತ ಇದ್ದರೆ ಮಾತ್ರ ಅದನ್ನೂ ಸೇರಿಸಿ.

ಹೊರಗೆ ದೊಡ್ಡ ಬ್ಯಾಟರಿ ಇಡುವುದಾದರೆ ಚಾರ್ಜರ್ ಎಷ್ಟು ಆಂಪ್ಸ್ ಎಂದು ಕೇಳಲೇಬೇಕು. ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಪಾಲು ಇರಬೇಕು, 18ಕ್ಕೆ 1.8 ಆಂಪ್ಸ್. ಒಳಗೇ ಬ್ಯಾಟರಿ ಇರುವ ಸಾಧಾರಣ ಮಾಡೆಲ್‌ಗಳ ಚಾರ್ಜರ್ ಎಷ್ಟೋ ಸಲ 1 ಆಂಪ್ಸಿನ ಆಸುಪಾಸು ಇರುತ್ತದೆ. ಅದು ತುಂಬಿಸುವುದರೊಳಗೆ ನಮ್ಮ ಮಳೆಗಾಲದಲ್ಲಿ ಕರೆಂಟ್ ಇನ್ನೆರಡು ಸಲ ಹೋಗಿರುತ್ತದೆ. ಅರ್ಧ ತುಂಬಿದ ಬ್ಯಾಟರಿ ಹೀಗೇ ಉಳಿದರೆ ಬೇಗ ಕೆಡುತ್ತದೆ. ಹೊರಗೆ ಬ್ಯಾಟರಿ ಜೋಡಿಸಲಿಕ್ಕೆಂದೇ ಮಾಡಿದ ಲಾಂಗ್ ಬ್ಯಾಕಪ್ ಮಾಡೆಲ್ ಕೇಳಿ. ಕೊಟೇಶನ್‌ನಲ್ಲಿ ವಿಎ, ವ್ಯಾಟ್, ಬ್ಯಾಟರಿಯ ಎಎಚ್ ಮತ್ತು ಸಂಖ್ಯೆ, ಚಾರ್ಜರ್ ಆಂಪ್ಸ್ ಎಲ್ಲವೂ ಇರಲಿ. ಸುಮ್ನೆ "2 ಕೆವಿಎ ವಿತ್ ಬ್ಯಾಟರಿ" ಅಂತ ಬರೆದುಕೊಟ್ಟರೆ ವಾಪಸ್ ಕೊಡಿ.

ಕೂರಿಸಿದ ಮಾರನೇ ದಿನವೇ ಪರೀಕ್ಷೆ ಮಾಡಿ. ರಾತ್ರಿಯಿಡೀ ಚಾರ್ಜ್ ಆದ ಮೇಲೆ ಐದೂ ಕಂಪ್ಯೂಟರ್ ಓಡಿಸಿ, ಯುಪಿಎಸ್‌ಗೆ ಬರುವ ಎಂಸಿಬಿ ಆಫ್ ಮಾಡಿ, ಮೊಬೈಲಿನಲ್ಲಿ ಟೈಮ್ ನೋಡಿ. ಫೈಲುಗಳನ್ನು ಮೊದಲೇ ಸೇವ್ ಮಾಡಿರಿ. ಲೋ ಬ್ಯಾಟರಿ ಬೀಪ್ ಬಂದ ಕೂಡಲೇ ನಿಲ್ಲಿಸಿ, ಆ ನಿಮಿಷವನ್ನು ಯುಪಿಎಸ್ ಮೇಲೆಯೇ ತಾರೀಖು ಸಮೇತ ಬರೆದು ಅಂಟಿಸಿ. ಆರು ತಿಂಗಳಿಗೊಮ್ಮೆ ಇದೇ ಮಾಡಿದರೆ ಬ್ಯಾಟರಿ ಕುಗ್ಗುವುದು ಗೊತ್ತಾಗುತ್ತದೆ. ಬದಲಿಸುವಾಗ ಸಾಲಿನ ಎಲ್ಲ ಬ್ಯಾಟರಿಯನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಹೊಸದು ಹಾಕಿದರೆ ಹಳೆಯವು ಅದನ್ನೂ ಎಳೆದುಕೊಂಡು ಹೋಗುತ್ತವೆ.

ಮುಂದೊಂದು ದಿನ ಕರೆಂಟ್ ಹೋದ ಕ್ಷಣವೇ ಎಲ್ಲವೂ ಒಟ್ಟಿಗೆ ಆಫ್ ಆದರೆ, ಕಾರಣ ಓವರ್‌ಲೋಡೋ ಬ್ಯಾಟರಿಯೋ ಎಂದು ಹೀಗೆ ತಿಳಿಯಿರಿ. ಮೂರು ಕಂಪ್ಯೂಟರಿನ ಪ್ಲಗ್ ಕಿತ್ತು, ಎರಡನ್ನೇ ಓಡಿಸಿ ಎಂಸಿಬಿ ಆಫ್ ಮಾಡಿ. ಚೆನ್ನಾಗಿ ಓಡಿದರೆ ಲೋಡ್ ಜಾಸ್ತಿಯಾಗಿರುವ ಸಾಧ್ಯತೆಯೇ ಹೆಚ್ಚು. ಯಾರೋ ಪ್ರಿಂಟರನ್ನೋ ಕೆಟಲನ್ನೋ ಯುಪಿಎಸ್‌ನ ಎಕ್ಸ್‌ಟೆನ್ಶನ್‌ಗೆ ಚುಚ್ಚಿದ್ದಾರಾ ನೋಡಿ. ಎರಡೇ ಕಂಪ್ಯೂಟರಿಗೂ ಒಂದೆರಡು ನಿಮಿಷದಲ್ಲಿ ಕೈಬಿಟ್ಟರೆ ಬ್ಯಾಟರಿ ಹೋಗಿದೆ ಎಂದೇ ಅರ್ಥ. ಆಗ ಇಡೀ ಯುಪಿಎಸ್ಸನ್ನೇ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.