ಮ್ಯಾನೇಜರ್ ಕಿವಿಗೆ ಮೊದಲು ಯಾರ ಮಾತು?

ಮಾನ್ಯ ಸಂಪಾದಕರೇ, ಸಾಫ್ಟ್‌ವೇರ್ ಕಂಪನಿಯೊಂದರ ಟೆಸ್ಟಿಂಗ್ ತಂಡದಲ್ಲಿ ಎರಡು ವರ್ಷದಿಂದ ಇದ್ದೇನೆ. ಡೇಟಾ ತಂಡದಲ್ಲಿ ಹುದ್ದೆಯೊಂದು ಖಾಲಿಯಿದ್ದು, ಅಲ್ಲಿರುವ ಗೆಳತಿ ರೆಫರ್ ಮಾಡುತ್ತೇನೆ ಎನ್ನುತ್ತಾಳೆ. ಮ್ಯಾನೇಜರ್ ರಜೆಯಲ್ಲಿದ್ದಾರೆ, ಸೋಮವಾರ ಬರುತ್ತಾರೆ. ಆಯ್ಕೆಯಾದ ಮೇಲೆ ಅವರಿಗೆ ಹೇಳಿದರೆ ಸಾಕೆಂದು ಜೊತೆಯವರ ಸಲಹೆ. ಸರಿಯೇ?
— ಓದುಗರೊಬ್ಬರು, ಬೆಂಗಳೂರು

ನಿಮ್ಮ ಜೊತೆಯವರ ಭಯ ಸುಳ್ಳಲ್ಲ. ಹೋಗುವವರೆಂದು ಗೊತ್ತಾದವರಿಗೆ ಅಪ್ರೈಸಲ್‌ನಲ್ಲಿ ಕೈ ಬಿಗಿ ಮಾಡುವ ಮ್ಯಾನೇಜರುಗಳಿದ್ದಾರೆ. ಆದರೆ ಕಂಪನಿ ಬಿಡುವಾಗ ಉಳಿಯುವ ಗುಟ್ಟು ತಂಡ ಬದಲಿಸುವಾಗ ಉಳಿಯುವುದಿಲ್ಲ. ಹಲವು ಕಂಪನಿಗಳಲ್ಲಿ ಒಳಹುದ್ದೆಗೆ ಅರ್ಜಿ ಹಾಕಿದೊಡನೆ, ಇಲ್ಲವೇ ಸಂದರ್ಶನದ ಹಂತದಲ್ಲಿ, ಮ್ಯಾನೇಜರಿಗೆ ಮೇಲ್ ತಾನಾಗಿಯೇ ಹೋಗುತ್ತದೆ. ಹೋಗದಿದ್ದರೂ, ಆ ತಂಡದ ಮ್ಯಾನೇಜರ್ ನಿಮ್ಮವರನ್ನು ಊಟದ ಹೊತ್ತಿನಲ್ಲಿ “ಹುಡುಗ ಹೇಗೆ?” ಎಂದು ಕೇಳಿಯೇ ಕೇಳುತ್ತಾರೆ.

ನಾನೂ ಈ ತಪ್ಪು ಮಾಡಿದವನೇ. ಪತ್ರಿಕೆಯೊಂದರ ಜಿಲ್ಲಾ ಸುದ್ದಿ ವಿಭಾಗದಿಂದ ಭಾನುವಾರದ ಪುರವಣಿಗೆ ಹೋಗಲು ಹಿರಿಯರೊಬ್ಬರಿಂದ ಶಿಫಾರಸು ಮಾಡಿಸಿದ್ದೆ. ನನ್ನ ಮುಖ್ಯಸ್ಥರಿಗೆ ಅದು ತಿಳಿದದ್ದು ಕ್ಯಾಂಟೀನಿನಲ್ಲಿ. ಅವರು ಬೈಯಲಿಲ್ಲ, “ಚುನಾವಣೆ ಮುಗಿಯಲಿ” ಎಂದರು. ಅದು ಮುಗಿಯುವಷ್ಟರಲ್ಲಿ ಪುರವಣಿಗೆ ಬೇರೊಬ್ಬರು ಬಂದಾಗಿತ್ತು.

ಹಾಗೆಂದು ಮನಸ್ಸಿಗೆ ಬಂದ ದಿನವೇ ಹೇಳಬೇಕಿಲ್ಲ. ಮೊದಲು ಗೆಳತಿಯಿಂದ ಎರಡು ವಿಷಯ ತಿಳಿದುಕೊಳ್ಳಿ: ಹುದ್ದೆಗೆ ಮಂಜೂರಾತಿ ಸಿಕ್ಕಿದೆಯೇ, ಅಥವಾ ಬರೀ ಮಾತಿನಲ್ಲಿದೆಯೇ, ನಿಮ್ಮ ಕೆಲಸದ ಹಿನ್ನೆಲೆ ಅವರಿಗೆ ಸಾಕೇ. ಇಷ್ಟು ವಿಚಾರಿಸುವುದು ದ್ರೋಹವಲ್ಲ. ಈಗಿನ ಹುದ್ದೆಯಲ್ಲಿ ಕನಿಷ್ಠ ಎಷ್ಟು ತಿಂಗಳು ಕಳೆದಿರಬೇಕೆಂಬ ನಿಯಮವನ್ನು ಎಚ್‌ಆರ್ ನೀತಿಯಲ್ಲಿ ನೀವೇ ಓದಿಕೊಳ್ಳಿ. ಇವೆಲ್ಲವೂ ಸರಿಯಿದ್ದರೆ, ರೆಫರಲ್ ದಾಖಲಾಗುವ ಮೊದಲು ಮ್ಯಾನೇಜರ್ ಜೊತೆ ಕೂತು ಮಾತನಾಡಿ. “ಹೋಗಲೇ?” ಎಂದು ಕೇಳಬೇಡಿ; “ಅರ್ಜಿ ಹಾಕುತ್ತಿದ್ದೇನೆ, ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳಬೇಕೆನಿಸಿತು” ಎನ್ನಿ. ಟೆಸ್ಟಿಂಗ್ ಬೇಸರವಾಗಿದೆ ಎಂಬ ದೂರು ಅಲ್ಲಿ ಬೇಡ. ಈಗಿನ ರಿಲೀಸ್ ಯಾವಾಗ ಮುಗಿಯುತ್ತದೆ, ನಿಮ್ಮ ಕೆಲಸವನ್ನು ಯಾರಿಗೆ ಕಲಿಸಿಕೊಡಬಹುದು ಎಂಬುದನ್ನು ಯೋಚಿಸಿಕೊಂಡು ಹೋಗಿ. ಅದೇ ಸಂಜೆ ಮಾತಿನ ಸಾರವನ್ನು ನಾಲ್ಕು ಸಾಲಿನ ಮೇಲ್‌ನಲ್ಲಿ ಕಳಿಸಿ.

ಆ ಮೇಲ್‌ನ ಬೆಲೆ ಈಗಿನ ತಂಡದಿಂದ ನಿಮ್ಮ ಬಿಡುಗಡೆಯ ದಿನ ನಿಗದಿಯಾಗುವಾಗ ಗೊತ್ತಾಗುತ್ತದೆ. ಮಾರ್ಚ್‌ಗೆ ವರ್ಷ ಮುಗಿಯುವ ಕಂಪನಿಯಲ್ಲಿ ನೀವು ಜನವರಿಯಲ್ಲಿ ತಂಡ ಬದಲಿಸಿದರೆ, ಒಂಬತ್ತು ತಿಂಗಳ ಕೆಲಸ ಕಂಡವರು ಒಬ್ಬರು, ರೇಟಿಂಗ್ ಕೊಡುವವರು ಇನ್ನೊಬ್ಬರು ಆಗಬಹುದು. ಹೊರಡುವ ಮೊದಲೇ ಹಳೆಯ ಮ್ಯಾನೇಜರಿಂದ ಲಿಖಿತ ಅಭಿಪ್ರಾಯ ಪಡೆಯಬೇಕು. ಸಿಟ್ಟಾದವರಿಂದ ಅದು ಬರುವುದಿಲ್ಲ.

ಇಲ್ಲಿ ಕಂಪನಿಗಳ ಮೇಲೂ ನನಗೆ ಸಿಟ್ಟಿದೆ. ರಾಜೀನಾಮೆ ಕೊಟ್ಟವನಿಗೆ ತೊಂಬತ್ತು ದಿನದ ಲೆಕ್ಕವಾದರೂ ಇರುತ್ತದೆ, ಪಕ್ಕದ ಮಹಡಿಗೆ ಹೋಗುವವನನ್ನು ಮಾತ್ರ “ಬದಲಿ ಸಿಗಲಿ” ಎಂದು ಎಷ್ಟು ದಿನವಾದರೂ ಕೂರಿಸುತ್ತಾರೆ. ಆಮೇಲೆ ಜನ ನಿಲ್ಲುವುದಿಲ್ಲವೆಂದು ಗೊಣಗುತ್ತಾರೆ. ಆದ್ದರಿಂದ ಬಿಡುಗಡೆಯ ದಿನಾಂಕವನ್ನು ಇಬ್ಬರು ಮ್ಯಾನೇಜರುಗಳೂ ಎಚ್‌ಆರ್ ಎದುರು ಬರಹದಲ್ಲಿ ಒಪ್ಪುವಂತೆ ಕೇಳಿ.

ಸದ್ಯಕ್ಕೆ, ಸೋಮವಾರದವರೆಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಹಾಕಬೇಡವೆಂದು ಗೆಳತಿಗೆ ಇಂದೇ ಹೇಳಿ.