ಎಡಿಂಗ್ಟನ್ ಹೇಳಿದ ಮೇಲೆ

ಸಂಪಾದಕರಿಗೆ ನಮಸ್ಕಾರ. "ದೊಡ್ಡವರೇ ಹೇಳಿದ್ದಾರೆ" ಎನ್ನುವುದು ತರ್ಕದೋಷವೆಂದು ಬರೆದಿರಿ. ಅದೇ ಸಂಚಿಕೆಯ ಆರೋಗ್ಯ ಅಂಕಣಕ್ಕೆ ವೈದ್ಯರ ಮಾತೇ ಆಧಾರ. ತಜ್ಞರನ್ನು ನಂಬಬೇಕೋ, ಬಿಡಬೇಕೋ? ಎರಡರಲ್ಲಿ ಒಂದು ಹೇಳಿ.
– ಒಬ್ಬ ಓದುಗ, ಶಿವಮೊಗ್ಗ

ಮಾನ್ಯರೇ,

ವೈದ್ಯರ ಮಾತನ್ನು ಒಪ್ಪುವಾಗ, ಅದರ ಹಿಂದೆ ಬೇರೆಯವರೂ ಪರೀಕ್ಷಿಸಬಹುದಾದ ಪುರಾವೆ ಇದೆಯೆಂದು ನಾವು ನೆಚ್ಚಿರುತ್ತೇವೆ. ಆ ಪುರಾವೆಯನ್ನೇ ಯಾರಾದರೂ ಪ್ರಶ್ನಿಸಿದಾಗ ಉತ್ತರದ ಜಾಗದಲ್ಲಿ ಹೆಸರನ್ನು ತಂದಿಟ್ಟರೆ ದೋಷ ಹುಟ್ಟುತ್ತದೆ. ನಮ್ಮ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನವೂ ಆಪ್ತವಾಕ್ಯವನ್ನು, ಅಂದರೆ ನಂಬಲರ್ಹನ ಮಾತನ್ನು, ಪ್ರಮಾಣವೆಂದೇ ಒಪ್ಪುತ್ತದೆ; ಆದರೆ ವಿಷಯವನ್ನು ನೇರವಾಗಿ ಬಲ್ಲವನು ಋಷಿಯಾಗಲಿ, ಮ್ಲೇಚ್ಛನಾಗಲಿ ಆಪ್ತನೇ ಎನ್ನುತ್ತಾನೆ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ.

1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರಾನಾಮಿಕಲ್ ಸೊಸೈಟಿಯಲ್ಲಿ 24 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ದ್ರವ್ಯರಾಶಿ ಉಳಿದ ನಕ್ಷತ್ರ, ಇಂಧನ ತೀರಿದ ಮೇಲೆ ಕುಗ್ಗಿ ಉಳಿಯುವ ಶ್ವೇತಕುಬ್ಜವಾಗಿ ನಿಲ್ಲಲಾರದೆಂದು ಲೆಕ್ಕ ಸಮೇತ ವಿವರಿಸಿದರು. ಬೆನ್ನಿಗೇ ಎದ್ದ ಅಂದಿನ ಹೆಸರಾಂತ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್, ಸಾಪೇಕ್ಷತೆಯನ್ನೂ ಕ್ವಾಂಟಂ ಸಿದ್ಧಾಂತವನ್ನೂ ಹೀಗೆ ಬೆಸೆದದ್ದು ಸಕ್ರಮ ವಿವಾಹವೇ ಅಲ್ಲವೆಂದು ಗೇಲಿ ಮಾಡಿದರು, ಸಭೆ ನಕ್ಕಿತು. ಎಡಿಂಗ್ಟನ್ ತಮ್ಮ ಮಟ್ಟಿಗೆ ಒಂದು ವಾದವನ್ನು ಮುಂದಿಟ್ಟಿದ್ದರು, ಅದು ತಪ್ಪಾಗಿತ್ತು, ಅಷ್ಟೆ. ಅಧಿಕಾರಕ್ಕೆ ಮಣಿದ ದೋಷ ಸಭಿಕರದು: ಆ ಲೆಕ್ಕದಲ್ಲಿ ಎಲ್ಲಿ ತಪ್ಪಿದೆಯೆಂದು ಕೇಳುವುದಕ್ಕೆ ಮೊದಲೇ ಅವರು ತೀರ್ಪು ಕೊಟ್ಟಾಗಿತ್ತು. ವೋಲ್ಫ್‌ಗಾಂಗ್ ಪೌಲಿಯಂಥ ಭೌತವಿಜ್ಞಾನಿಗಳು ಕೂಡ ಚಂದ್ರಶೇಖರರೇ ಸರಿಯೆಂದು ಖಾಸಗಿಯಾಗಿ ಒಪ್ಪಿದರೇ ಹೊರತು ಬಹಿರಂಗವಾಗಿ ಹೇಳಲಿಲ್ಲ.

ಎಡಿಂಗ್ಟನ್ನರ ವಾದದೊಳಗಿದ್ದದ್ದು ಹುಸಿ ಇಬ್ಬಗೆ, ಎಂದರೆ ಇರುವುದು ಎರಡೇ ದಾರಿ ಎಂದು ತಪ್ಪಾಗಿ ಎಣಿಸುವ ದೋಷ. ಒಂದೋ ಚಂದ್ರಶೇಖರರ ಸೂತ್ರ ತಪ್ಪು, ಇಲ್ಲವೇ ನಕ್ಷತ್ರ ಬೆಳಕೂ ಹೊರಬಾರದಷ್ಟು ಕುಗ್ಗಬೇಕು; ಎರಡನೆಯದು ಅಸಂಬದ್ಧ, ಆದ್ದರಿಂದ ಸೂತ್ರ ತಪ್ಪು, ಎಂದು ಅವರ ಎಣಿಕೆ. ಆದರೆ ಅನೇಕ ನಕ್ಷತ್ರಗಳು ಹೊರಪದರವನ್ನು ಕಳಚಿಕೊಂಡು ಮಿತಿಯೊಳಗೆ ಇಳಿಯುತ್ತವೆ. ಕೆಲವು ನ್ಯೂಟ್ರಾನ್ ನಕ್ಷತ್ರಗಳಾಗಿ ನಿಲ್ಲುತ್ತವೆ. ಸಾಲದ್ದಕ್ಕೆ, ಅವರು ಅಸಂಬದ್ಧವೆಂದು ತಳ್ಳಿಹಾಕಿದ ದಾರಿಯೇ ಇಂದಿನ ಕಪ್ಪುಕುಳಿ. ಇಂಥ ವಾದ ಕೇಳಿದಾಗ ಮೂರನೆಯ ದಾರಿಯನ್ನು ಹುಡುಕಿದರಷ್ಟೇ ಸಾಲದು, ತಳ್ಳಿಹಾಕಿದ್ದನ್ನು ಯಾವ ಆಧಾರದ ಮೇಲೆ ತಳ್ಳಿದರೆಂದೂ ಕೇಳಬೇಕು.

ಇನ್ನು ವ್ಯಕ್ತಿದೂಷಣೆ. ಈ ಕತೆಯನ್ನು ಹೇಳುವಾಗ ನಮ್ಮಲ್ಲಿ ಹಲವರು ಎಡಿಂಗ್ಟನ್ನರಿಗೆ ಹೊಟ್ಟೆಕಿಚ್ಚಿತ್ತು, ವರ್ಣದ್ವೇಷವಿತ್ತು, ಹಾಗಾಗಿ ಅವರ ವಾದ ಸುಳ್ಳು ಎಂದು ಮುಗಿಸುತ್ತಾರೆ. ಅವೆಲ್ಲ ಇದ್ದವೆಂದೇ ಇಟ್ಟುಕೊಂಡರೂ ವಾದ ಬಿದ್ದದ್ದು ಅದರಿಂದಲ್ಲ; ಚಂದ್ರಶೇಖರರ ಲೆಕ್ಕಕ್ಕೆ ಆಧಾರವಾದ, ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿರಲಾರವೆಂಬ ಪೌಲಿಯ ನಿಯಮ ಸಾಪೇಕ್ಷತೆಯಲ್ಲೂ ನಿಲ್ಲುವುದರಿಂದ ಬಿತ್ತು. ಮಾತಾಡುವವನ ಉದ್ದೇಶ ಲೆಕ್ಕಕ್ಕೆ ಬರುವುದು ಅವನ ಸಾಕ್ಷ್ಯದ ಹೊರತು ಬೇರೇನೂ ಇಲ್ಲದಾಗ. "ಚಂದ್ರಶೇಖರರಿಗೆ 1983ರಲ್ಲಿ ನೊಬೆಲ್ ಬಂತಲ್ಲ" ಎಂದು ಗೆಲ್ಲಲು ಹೊರಟರೆ ನಾವೂ ಆ ಸಭಿಕರ ಸಾಲಿನಲ್ಲೇ ಕೂರುತ್ತೇವೆ.

ನಿಮ್ಮ ಎರಡರಲ್ಲಿ ಒಂದನ್ನು ನಾನು ಆರಿಸದಿರುವುದಕ್ಕೂ ಅಂಥದೇ ಹುಸಿ ಇಬ್ಬಗೆ ಕಾರಣ. ಆರೋಗ್ಯ ಅಂಕಣದ ಯಾವ ಮಾತು ತಪ್ಪೆಂದು ತೋರಿತೋ ಅದನ್ನು ಬರೆದು ಕಳಿಸಿ. ವೈದ್ಯರ ಪದವಿಯನ್ನಲ್ಲ, ಅವರ ಆಧಾರವನ್ನು ಕೇಳಿ ಪ್ರಕಟಿಸುತ್ತೇವೆ.

– ಸಂಪಾದಕ